ಸಾವಿತ್ರಿಗಾಗಿ ಶಿಫಾರಸು ಪತ್ರ

ಪುಣೆಯ ಕನ್ನಡಿಗರ ವಿದ್ಯಾರ್ಥಿವೇತನ ಸಮಿತಿಯವರಿಗೆ ನಮಸ್ಕಾರ.

ಸಾವಿತ್ರಿಗೆ ಎಂಟರಿಂದ ಹತ್ತನೇ ತರಗತಿಯವರೆಗೆ ಜತ್ತ ತಾಲೂಕಿನ ನಮ್ಮ ಕನ್ನಡ ಶಾಲೆಯಲ್ಲಿ ವಿಜ್ಞಾನ ಕಲಿಸಿದ್ದೇನೆ. ಈಗ ಪುಣೆಯ ಕಾಲೇಜಿನಲ್ಲಿ ಬಿ.ಎಸ್ಸಿ. ಸೀಟು ಸಿಕ್ಕಿದೆ.

ನಮ್ಮದು ಬರದ ಸೀಮೆ. ಒಂಬತ್ತನೇ ತರಗತಿಯಲ್ಲಿದ್ದಾಗ, ಯಾರೂ ಹೇಳದೆ, ಹಗ್ಗಕ್ಕೆ ಕಲ್ಲು ಕಟ್ಟಿ ಪ್ರತಿ ಸೋಮವಾರ ಊರ ಬಾವಿಯ ನೀರಿನ ಮಟ್ಟ ಅಳೆದು, ಹಳೇ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಗ್ರಾಫ್ ಹಾಕುತ್ತಿದ್ದಳು. ಒಂದು ವಾರ ಅಳೆಯಲಾಗಲಿಲ್ಲ. ಅಂದಾಜಿನ ಅಂಕಿ ಬರೆಯದೆ ಆ ಜಾಗ ಖಾಲಿ ಬಿಟ್ಟಿದ್ದಳು. ನನಗೆ ಅವಳ ಅಂಕಗಳಿಗಿಂತ ಇದೇ ಜಾಸ್ತಿ ಇಷ್ಟ.

ಇಂಗ್ಲಿಷ್ ಮಾತಾಡಲು ಇನ್ನೂ ತಡವರಿಸುತ್ತಾಳೆ, ಸುಮ್ನೆ ಮುಚ್ಚಿಡುವುದಿಲ್ಲ. ಆದರೆ ಹತ್ತರವರೆಗೆ ಕನ್ನಡದಲ್ಲಿ ಓದಿ, ಹನ್ನೆರಡನೇ ತರಗತಿಯ ವಿಜ್ಞಾನವನ್ನು ಇಂಗ್ಲಿಷ್‌ನಲ್ಲಿ ಬರೆದು ಪಾಸಾದ ಹುಡುಗಿ ಅಲ್ವಾ, ಅದನ್ನೂ ಕಲಿಯುತ್ತಾಳೆ.

ತಂದೆ ಕಬ್ಬು ಕಡಿಯಲು ಹೋಗುತ್ತಾರೆ, ತಾಯಿ ಕೂಲಿ. ಕಾಲೇಜು ಫೀ ಹೇಗೋ ಹೊಂದಿಸಿದ್ದಾರೆ. ಹಾಸ್ಟೆಲ್ಲು, ಊಟದ ಖರ್ಚು ಅವರ ಕೈಲಾಗದು. ದಯವಿಟ್ಟು ಮೂರೂ ವರ್ಷ ಅಷ್ಟಕ್ಕೆ ನೆರವಾಗಿ. ಸಂದರ್ಶನಕ್ಕೆ ಕರೆದರೆ ಆ ನೋಟ್‌ಬುಕ್ ತರಲು ಹೇಳಿ.

ಇಂತಿ,
ಅವಳ ವಿಜ್ಞಾನ ಶಿಕ್ಷಕಿ
ಜತ್ತ ತಾಲೂಕು, ಸಾಂಗ್ಲಿ ಜಿಲ್ಲೆ