ಬಾಕ್ಸ್‌ನಲ್ಲಿ ಏನೇನಿದೆ, ಏನಿಲ್ಲ: ಸೆಕೆಂಡ್ ಹ್ಯಾಂಡ್ ಐಫೋನ್ 13, 128 ಜಿಬಿ, ನೀಲಿ ಬಣ್ಣ

ಆರ್ಡರ್ ಹಾಕುವ ಮುಂಚೆ ಇದನ್ನೊಮ್ಮೆ ಪೂರ್ತಿ ಓದಿಕೊಳ್ಳಿ. ಫೋಟೋ 4ರಲ್ಲಿ ಮೇಜಿನ ಮೇಲೆ ಜೋಡಿಸಿಟ್ಟಿರುವ 6 ವಸ್ತುಗಳೇ ನಿಮ್ಮ ಕೈಗೆ ಬರುವುದು: ಫೋನ್, ಅದರದೇ ಹಳೇ ಬಾಕ್ಸ್, 1 ಕೇಬಲ್, 1 ಸಿಮ್ ಪಿನ್, ಮಡಚಿದ ಕಾಗದಗಳು, ನಮ್ಮ ಅಂಗಡಿಯ ಬಿಲ್.

ಚಾರ್ಜರ್ ಅಡಾಪ್ಟರ್, ಅಂದರೆ ಗೋಡೆಗೆ ಚುಚ್ಚುವ ಭಾಗ, ಇದರಲ್ಲಿ ಇಲ್ಲ. ನಾವು ತೆಗೆದಿಟ್ಟುಕೊಂಡಿಲ್ಲ, 2020ರಲ್ಲಿ ಐಫೋನ್ 12 ಬಂದಾಗಿನಿಂದ ಕಂಪನಿಯೇ ಬಾಕ್ಸ್‌ನಲ್ಲಿ ಅಡಾಪ್ಟರ್ ಆಗಲಿ ಇಯರ್‌ಫೋನ್ ಆಗಲಿ ಕೊಡುತ್ತಿಲ್ಲ. ಫೋಟೋ 6ರಲ್ಲಿ ಫೋನ್ ಚಾರ್ಜ್ ಆಗುವುದನ್ನು ತೋರಿಸಲು ಹಾಕಿರುವ ಬಿಳಿ ಅಡಾಪ್ಟರ್ ನಮ್ಮ ಅಂಗಡಿಯದು, ಅದು ಬರುವುದಿಲ್ಲ.

ಕೇಬಲ್ ಒರಿಜಿನಲ್ ಅಲ್ಲ. ನಮಗೆ ಫೋನ್ ಮಾರಿದವರು ಕೇಬಲ್ ಕೊಟ್ಟಿರಲಿಲ್ಲ, ಹಾಗಾಗಿ ನಾವೇ ಬೇರೆ ಕಂಪನಿಯ ಹೊಸದೊಂದನ್ನು ಇಟ್ಟಿದ್ದೇವೆ. ಉದ್ದ 1 ಮೀಟರ್, ಬಣ್ಣ ಬಿಳಿ, 30 ದಿನದೊಳಗೆ ಕೆಟ್ಟರೆ ಬದಲಿಸಿ ಕೊಡುತ್ತೇವೆ. ಒಂದು ತುದಿ ಲೈಟ್ನಿಂಗ್, ಇನ್ನೊಂದು ತುದಿ ಟೈಪ್-ಸಿ. ಮನೆಯಲ್ಲಿ ಹಳೇ ಐಫೋನಿನ ಚಿಕ್ಕ 5 ವ್ಯಾಟ್ ಅಡಾಪ್ಟರ್ ಇದ್ದರೆ ಈ ಟೈಪ್-ಸಿ ತುದಿ ಅದಕ್ಕೆ ಹೋಗುವುದೇ ಇಲ್ಲ. ಟೈಪ್-ಸಿ ತೂತಿರುವ ಅಡಾಪ್ಟರ್ ಬೇಕು, ಇಲ್ಲದಿದ್ದರೆ ಈಗಲೇ ತೆಗೆದುಕೊಂಡಿಟ್ಟುಕೊಳ್ಳಿ.

ಮ್ಯಾನುಯಲ್ ಅಂದರೆ ದಪ್ಪ ಪುಸ್ತಕ ಅಂದುಕೊಳ್ಳಬೇಡಿ, ತೆಳು ಕಾಗದಗಳಷ್ಟೇ. ಪೂರ್ತಿ ಗೈಡ್ ಫೋನಿನ Tips ಆ್ಯಪ್‌ನಲ್ಲೇ ಇದೆ. ಬಾಕ್ಸ್‌ನ ಜೊತೆ ಬರುವ ಸ್ಟಿಕ್ಕರ್ ಇಲ್ಲ. ಬ್ಯಾಕ್ ಕವರ್, ಸ್ಕ್ರೀನ್ ಮೇಲೆ ಅಂಟಿಸುವ ಗ್ಲಾಸ್ ಕೂಡ ಇಲ್ಲ.

ಬಾಕ್ಸ್ ಬಂದಾಗ ಫೋನ್ ಎತ್ತಿ, ಅದರ ಕೆಳಗಿನ ಕಾಗದದ ಕವರನ್ನೂ ಎತ್ತಿ ನೋಡಿ, ಕೇಬಲ್ ಅದರಡಿಯ ಗುಂಡಿಯಲ್ಲಿ ಸುತ್ತಿಟ್ಟಿದೆ. ಹೋದ ತಿಂಗಳು ಒಬ್ಬರು ಕೇಬಲ್ ಇಲ್ಲವೆಂದು ಬೇಜಾರಾಗಿ ಫೋನ್ ಮಾಡಿದ್ದರು, ಮಾತಾಡುತ್ತಲೇ ಕವರ್ ಎತ್ತಿದರೆ ಅಲ್ಲೇ ಇತ್ತು. ಸಿಮ್ ಪಿನ್ ಕವರ್ ಒಳಗೆ ಅಂಟಿಸಿದೆ, ಸುಮ್ನೆ ಅಲ್ಲಾಡಿಸಿದರೆ ಬೀಳುವುದಿಲ್ಲ.

ಬಾಕ್ಸ್ ಹಿಂದೆ ಅಚ್ಚಾಗಿರುವ ಐಎಂಇಐ ನಂಬರು, ಫೋನಲ್ಲಿ `*#06#` ಒತ್ತಿದಾಗ ಬರುವ ನಂಬರು ಎರಡೂ ಒಂದೇ ಇರಬೇಕು. ನಾವು ನೋಡಿಯೇ ಕಳಿಸುತ್ತೇವೆ, ನೀವೂ ನೋಡಿ.

ಪ್ಯಾಕ್ ಮಾಡುವಾಗ ಒಂದೊಂದನ್ನೇ ತೋರಿಸಿ ವಿಡಿಯೋ ಮಾಡುತ್ತೇವೆ. ಪಾರ್ಸೆಲ್ ತೂಕ ಬಿಲ್ ಮೇಲೂ ಇರುತ್ತದೆ, ಕೊರಿಯರ್ ಚೀಟಿ ಮೇಲೂ ಇರುತ್ತದೆ. ಈ ಫೋನಿನದು 480 ಗ್ರಾಂ. ನೀವೂ ಟೇಪ್ ಕತ್ತರಿಸುವ ಮೊದಲೇ, ಕೊರಿಯರ್ ಚೀಟಿ ಕಾಣುವ ಹಾಗೆ ವಿಡಿಯೋ ಶುರು ಮಾಡಿ, ಮಧ್ಯೆ ನಿಲ್ಲಿಸಬೇಡಿ. ಮೇಲಿನ 6ರಲ್ಲಿ ಯಾವುದಾದರೂ ಬಂದಿಲ್ಲವೆಂದರೆ 48 ಗಂಟೆಯೊಳಗೆ ತಿಳಿಸಿ. ಆ ವಸ್ತುವನ್ನು ನಮ್ಮ ಖರ್ಚಿನಲ್ಲೇ ಕಳಿಸುತ್ತೇವೆ, ಫೋನ್ ವಾಪಸ್ ಮಾಡಬೇಕಿಲ್ಲ. ವಿಡಿಯೋ ಮಾಡುವುದು ಮರೆತಿದ್ದರೂ ತಿಳಿಸಿ, ನಮ್ಮ ವಿಡಿಯೋ ಮತ್ತು ಕೊರಿಯರ್ ತೂಕ ನೋಡಿ ಬಗೆಹರಿಸೋಣ. ಈ ಪಟ್ಟಿಯಲ್ಲಿ ಇಲ್ಲದ ವಸ್ತು ಬಂದಿಲ್ಲವೆಂದು ಹಣ ವಾಪಸ್ ಕೇಳಿದರೆ ಮಾತ್ರ ಕೊಡಲು ಆಗುವುದಿಲ್ಲ.