ವಿಡಿಯೊ ನೋಡುವ ಮುನ್ನ: ಚಲನೆಯ ನಿಯಮಗಳು
9ನೇ ತರಗತಿ, ವಿಜ್ಞಾನ · ಗಂಗಾವತಿ

18 ನಿಮಿಷದ ವಿಡಿಯೊ ಇವತ್ತು ರಾತ್ರಿ ಮನೆಯಲ್ಲಿ ನೋಡಿ. ಅದಕ್ಕೂ ಮೊದಲು ಈ ಪ್ರಶ್ನೆಗಳಿಗೆ ಪೆನ್ನಿನಲ್ಲಿ ಉತ್ತರ ಬರೆಯಿರಿ. ತಪ್ಪಾದರೆ ಅಂಕ ಕಡಿತವಿಲ್ಲ, ಆದರೆ ವಿಡಿಯೊ ನೋಡಿದ ಮೇಲೆ ಹಳೆಯ ಉತ್ತರ ಅಳಿಸಬೇಡಿ. ಕೆಳಗೆ ಹೊಸದನ್ನು ಬರೆಯಿರಿ. ನಾಳೆ ತರಗತಿ ಶುರುವಾಗುವುದೇ ಆ ಎರಡರ ವ್ಯತ್ಯಾಸದಿಂದ.

1. ಕೊಪ್ಪಳದ ಬಸ್ಸು ತಟ್ಟನೆ ಬ್ರೇಕ್ ಹಾಕಿದರೆ ನಿಂತವರು ಮುಂದಕ್ಕೆ ವಾಲುತ್ತಾರೆ. ಅವರನ್ನು ಮುಂದಕ್ಕೆ ತಳ್ಳಿದ್ದು ಯಾರು? (ಯಾರಾದರೂ ತಳ್ಳಿದರೇ?)

2. ಉರುಳುವ ಗೋಲಿ ಕೊನೆಗೆ ನಿಲ್ಲುತ್ತದೆ. ಬಲ ಮುಗಿದುಹೋಯಿತೋ, ಬೇರೆ ಬಲ ನಿಲ್ಲಿಸಿತೋ? ಗೆಲಿಲಿಯೊ ತಲೆ ಕೆಡಿಸಿಕೊಂಡದ್ದೂ ಇಂಥದ್ದಕ್ಕೇ.

3. ಸಂಡೂರಿನ ಅದಿರು ಲಾರಿ: ಖಾಲಿ ಇದ್ದಾಗ 10 ಟನ್, ತುಂಬಿದಾಗ 25 ಟನ್. ಎರಡೂ ಸಲ ವೇಗ ಗಂಟೆಗೆ 36 ಕಿ.ಮೀ. 5 ಸೆಕೆಂಡಿನಲ್ಲಿ ನಿಲ್ಲಿಸಲು ಸರಾಸರಿ ಎಷ್ಟು ಬಲ ಬೇಕು? ಮೊದಲು ವೇಗವನ್ನು ಮೀ/ಸೆ.ಗೆ, ಟನ್ನನ್ನು ಕೆ.ಜಿ.ಗೆ ಬದಲಿಸಿ. ಸೂತ್ರ: F = ma. ಹೋದ ವರ್ಷ ಅರ್ಧ ತರಗತಿ ಎಡವಿದ್ದು ಸೂತ್ರದಲ್ಲಲ್ಲ, ಈ ಬದಲಾವಣೆಯಲ್ಲಿ.

4. ಆನೆಗೊಂದಿಯಲ್ಲಿ ಹರಿಗೋಲಿನಿಂದ ದಡಕ್ಕೆ ಜಿಗಿದರೆ ಹರಿಗೋಲು ಎತ್ತ ಸರಿಯುತ್ತದೆ? ಏಕೆ?

5. ಇದಕ್ಕೆ ಹೆಚ್ಚು ಸಮಯ ಕೊಡಿ. ಎತ್ತು ಬಂಡಿಯನ್ನು ಎಳೆದಷ್ಟೇ ಬಲದಿಂದ ಬಂಡಿಯೂ ಎತ್ತನ್ನು ಹಿಂದಕ್ಕೆ ಎಳೆಯುತ್ತದೆ. ಹಾಗಾದರೆ ಬಂಡಿ ಚಲಿಸುವುದು ಹೇಗೆ? ಎತ್ತಿನ ಮೇಲಿನ ಬಲಗಳಿಗೊಂದು, ಬಂಡಿಯ ಮೇಲಿನ ಬಲಗಳಿಗೊಂದು, ಎರಡು ಬೇರೆ ಚಿತ್ರ ಬರೆಯಿರಿ. ಎತ್ತಿನ ಗೊರಸು ನೆಲವನ್ನು ಎತ್ತ ಒತ್ತುತ್ತದೆ ಎಂಬುದನ್ನು ಮರೆಯಬೇಡಿ.

ಮನೆಯಲ್ಲಿ ಫೋನ್ ಇಲ್ಲದವರು ಬೆಳಿಗ್ಗೆ 9ಕ್ಕೆ ಲ್ಯಾಬಿಗೆ ಬನ್ನಿ, ಅಲ್ಲೇ ಹಾಕಿಕೊಡುತ್ತೇನೆ.