ಗಲ್ಫ್ ದುಡಿಮೆ, ಊರಿನ ಸಂಸಾರ

1973ರಲ್ಲಿ ತೈಲದ ಬೆಲೆ ಏರಿದ ಮೇಲೆ ಅರಬ್ ದೇಶಗಳಲ್ಲಿ ಕಟ್ಟಡ, ರಸ್ತೆ, ಬಂದರು ಕೆಲಸಗಳು ಒಮ್ಮೆಲೇ ಹೆಚ್ಚಿದವು. ಕೇರಳದವರ ಜೊತೆಗೆ ನಮ್ಮ ಕರಾವಳಿಯವರೂ ಹೊರಟರು. ಸಂಸಾರ ಒಡೆದು ಎರಡು ಕಡೆ ಬದುಕುವುದನ್ನು ನಾವು 'ದುಡ್ಡಿನ ಆಸೆಗೆ ಹೆಂಡತಿ ಮಕ್ಕಳನ್ನು ಬಿಟ್ಟು ಹೋದ' ಎಂದು ಸುಲಭವಾಗಿ ಆಡಿಬಿಡುತ್ತೇವೆ. ಬಿಟ್ಟು ಹೋಗುವುದನ್ನು ತೀರ್ಮಾನಿಸುವುದು ಎಷ್ಟೋ ಸಲ ಆತನಲ್ಲ, ಅಲ್ಲಿನ ವೀಸಾ ನಿಯಮ.

ಯುಎಇಯಲ್ಲಿ ಕುಟುಂಬವನ್ನು ಕರೆಸಿಕೊಳ್ಳಲು ತಿಂಗಳಿಗೆ 4,000 ದಿರ್ಹಮ್ ಸಂಬಳ ಬೇಕು. ವಸತಿ ಕಂಪನಿಯದಾದರೆ 3,000. ಕ್ಯಾಂಪಿನಲ್ಲಿ ಮಲಗುವ ಗಾರೆ ಕೆಲಸದವನಿಗೆ ಅದು ಎಟುಕದ ಮಾತು. ಸೌದಿ ಇನ್ನೊಂದು ದಾರಿ ಹಿಡಿಯಿತು. ಖಾಸಗಿ ಕಂಪನಿಗಳ ವಿದೇಶಿ ನೌಕರರ ಅವಲಂಬಿತರ ಮೇಲೆ 2017ರ ಜುಲೈನಿಂದ ತಲೆಗೆ ತಿಂಗಳಿಗೆ 100 ರಿಯಾಲ್ ಶುಲ್ಕ ಹಾಕಿ, 2020ರ ಹೊತ್ತಿಗೆ ಅದನ್ನು 400ಕ್ಕೆ ಏರಿಸಿತು. ಹೆಂಡತಿ, ಇಬ್ಬರು ಮಕ್ಕಳಿದ್ದರೆ ತಿಂಗಳಿಗೆ 1,200 ರಿಯಾಲ್. ಆಗ ಎಷ್ಟೋ ಸಂಸಾರಗಳು ಗಂಟುಮೂಟೆ ಕಟ್ಟಿ ಊರಿಗೆ ಬಂದವು. ದುಡಿಯುವವನು ಅಲ್ಲೇ ಉಳಿದ. ಆ ದೇಶಗಳಿಗೆ ಬೇಕಾದದ್ದು ಅವನ ದುಡಿಮೆ. ಅವನ ಮಕ್ಕಳ ಓದು, ಅಪ್ಪನ ಮಧುಮೇಹ, ತಾಯಿಯ ಮಂಡಿನೋವು ಇವೆಲ್ಲ ಊರಿನ ಲೆಕ್ಕಕ್ಕೆ.

ಊರಿನ ಲೆಕ್ಕ ಎಂದರೆ ಬಹುಮಟ್ಟಿಗೆ ಒಬ್ಬ ಹೆಂಗಸಿನ ಲೆಕ್ಕ. ಕುಂದಾಪುರದ ಹತ್ತಿರ ಮನೆ ಕಟ್ಟಿಸುತ್ತಿದ್ದ ಒಬ್ಬಾಕೆ ಕಲ್ಲಿನ ಲೋಡು ಎಣಿಸಿ ಇಳಿಸಿಕೊಳ್ಳುತ್ತಿದ್ದರು, ಸಿಮೆಂಟಿನ ಚೀಟಿ ಜೋಡಿಸಿಡುತ್ತಿದ್ದರು. ಅಡಿಗೆಮನೆಯ ಕಿಟಕಿ ಒಂದಡಿ ಪಕ್ಕಕ್ಕೆ ಬರಲಿ ಎಂದರೆ ಮಾತ್ರ ಮೇಸ್ತ್ರಿ, "ಒಂದ್ಸಲ ಯಜಮಾನ್ರನ್ನ ಕೇಳಿ ಅಮ್ಮಾ" ಎನ್ನುತ್ತಿದ್ದ. ಯಜಮಾನರು ದುಬೈನಲ್ಲಿ ಡ್ಯೂಟಿಯಲ್ಲಿ. ಅವರ ಊಟದ ಬಿಡುವಿಗೆ ಇಲ್ಲಿ ಮಧ್ಯಾಹ್ನ ಎರಡೂವರೆ. ಅಷ್ಟರತನಕ ಆ ಗೋಡೆಯ ಕೆಲಸ ನಿಲ್ಲುತ್ತಿತ್ತು. ದುಡ್ಡು ಬರುತ್ತಿದ್ದದ್ದು ಮಾವನ ಖಾತೆಗೆ.

ಹೊಣೆ ಪೂರ್ತಿ ಇದ್ದು ಅಧಿಕಾರ ಅರ್ಧ ಮಾತ್ರ ಇರುವ ಈ ಸ್ಥಿತಿಯನ್ನು 'ಗಂಡಸಿಲ್ಲದ ಮನೆಯಲ್ಲಿ ಹೆಣ್ಣು ಸಬಲಳಾದಳು' ಎನ್ನುವ ವಿವರಣೆ ಮುಚ್ಚಿಹಾಕುತ್ತದೆ. ಬ್ಯಾಂಕು, ಪಂಚಾಯ್ತಿ, ಶಾಲೆ ಸುತ್ತಿದ ಧೈರ್ಯ ನಿಜವೇ. ಆದರೆ ಅದೇ ಓಡಾಟವನ್ನು ನೆರೆಹೊರೆಯವರು, ಮನೆಯವರು ಕಾಯುತ್ತಿರುತ್ತಾರೆ: ಯಾರ ಬೈಕಿನಲ್ಲಿ ಬಂದಳು, ಫೋನು ಯಾಕೆ ಬ್ಯುಸಿ ಇತ್ತು. ಬೇರೆ ಮನೆ ಮಾಡಿಕೊಂಡವಳಿಗೆ ಸ್ವಾತಂತ್ರ್ಯ ಹೆಚ್ಚು, ರಾತ್ರಿ ಮಗುವಿಗೆ ಜ್ವರ ಬಂದರೆ ಜೊತೆಗೆ ಜನ ಕಡಿಮೆ.

ಮಕ್ಕಳ ಬಗ್ಗೆ ನಾವು ಬೇಗ ಕನಿಕರಪಡುತ್ತೇವೆ. ಗಂಡ ವಾಪಸು ಬರುವ ಘಟ್ಟದ ಬಗ್ಗೆ ಮಾತು ಕಡಿಮೆ. ಕಾರ್ಮಿಕನಿಗೆ ಅಲ್ಲಿ ಪಿಂಚಣಿಯಿಲ್ಲ, ಕೈಗೆ ಬರುವುದು ಸೇವಾವಧಿಯ ಗ್ರಾಚ್ಯುಟಿ. ವರ್ಷಕ್ಕೋ ಎರಡು ವರ್ಷಕ್ಕೋ ರಜೆಗೆ ಬರುತ್ತಿದ್ದವನು ಐವತ್ತರ ಆಚೆ ಖಾಯಂ ಆಗಿ ಬಂದು ಮನೆಯ ಖರ್ಚು ಕೇಳತೊಡಗುತ್ತಾನೆ. ಇಷ್ಟು ವರ್ಷ ಎಲ್ಲ ನಡೆಸಿದವಳು ಈಗ ತರಕಾರಿಗೂ ಲೆಕ್ಕ ಒಪ್ಪಿಸಬೇಕು. ಜಗಳ ಶುರುವಾಗುವುದು ಅಲ್ಲಿಂದ.